ಮರದ ಶಾಪಿನ ಬಿಡೋ ಪಟ್ಟಿ

ಪಾಂಡವಪುರ ರೈಲ್ವೆ ಸ್ಟೇಷನ್ನಿಂದ ಮುಂದಕ್ಕೆ ಹೋದರೆ ಒಂದು ಎರಕದ ಕಾರ್ಖಾನೆ ಸಿಗುತ್ತೆ. ಬೋರ್ಡಿನ ಮೇಲೆ ಏನೇನೋ ಇಂಗ್ಲಿಷ್ ಹೆಸರಿದೆ, ಬುಡಿ, ಅದನ್ನ ಯಾರೂ ಅನ್ನಲ್ಲ. ಸುತ್ತಮುತ್ತ ನಾಲ್ಕು ತಾಲ್ಲೂಕಿಗೂ ಅದು ಗಾಣದ ಫ್ಯಾಕ್ಟ್ರಿ. ನಾಗಮಂಗಲದಿಂದ ಬೂಕನಕೆರೆವರೆಗೆ ಯಾವ ಆಲೆಮನೆಗೆ ನುಗ್ಗಿ ನೋಡಿದರೂ ಕಬ್ಬು ಅರೆಯೋ ಗಾಣದ ಹೊಟ್ಟೆ ಮೇಲೆ ಇವರ ಮುದ್ರೆ ಇರುತ್ತಿತ್ತು. ಈಗ ಗಾಣ ಕಮ್ಮಿಯಾಗಿ ಪಂಪಿನ ಬಾಡಿ, ಮೋಟರಿನ ಕವಚ ಅಂತ ಎರಕ ಹೊಯ್ಯುತ್ತಾರೆ. ಹೆಸರು ಮಾತ್ರ ಗಾಣದ್ದೇ ಉಳಕೊಂಡಿದೆ.

ಅಲ್ಲಿ ಮರದ ಶಾಪು ಅಂತ ಒಂದಿತ್ತು. ಕಬ್ಬಿಣ ಹೊಯ್ಯೋಕೆ ಮರಳಿನಲ್ಲಿ ಅಚ್ಚು ಬೇಕು, ಅಚ್ಚು ಒತ್ತೋಕೆ ಅದೇ ಆಕಾರದ ಮರದ ಮಾದರಿ ಬೇಕು. ಆ ಮಾದರಿ ಕಡೆಯೋ ಕೆಲಸ ಕಾಳಪ್ಪಂದು. ಅವನ ಅಪ್ಪನೂ ಅಲ್ಲೇ ಉಳಿ ಹಿಡಿದು ಕೂದಲು ಬೆಳ್ಳಗೆ ಮಾಡಿಕೊಂಡಿದ್ದ. ಕಾಳಪ್ಪನಿಗೀಗ ಐವತ್ತೊಂಬತ್ತು, ರಿಟೈರಿಗೆ ಇನ್ನೊಂದು ವರ್ಷ. ಹನ್ನೊಂದು ವರ್ಷದಿಂದ ಕಾರ್ಮಿಕರ ಸಂಘದ ಕಾರ್ಯದರ್ಶಿ ಬೇರೆ. ಮನುಷ್ಯ ಮಾತು ಕಮ್ಮಿ, ಹಟ ಜಾಸ್ತಿ. ಹೆಂಡತಿ ವರಲಕ್ಷ್ಮಮ್ಮ ಹೇಳೋ ಹಾಗೆ, ಮರದ ಜೊತೆ ಇದ್ದೂ ಇದ್ದೂ ಈವಯ್ಯನೂ ಮರವೇ ಆಗಿಹೋಗಿದ್ದ.

ನಾಲ್ಕು ವರ್ಷಕ್ಕೊಮ್ಮೆ ಕಂಪನಿಗೂ ಸಂಘಕ್ಕೂ ಒಪ್ಪಂದ ಆಗುತ್ತೆ. ಸಂಬಳ ಎಷ್ಟು ಏರಬೇಕು, ಕೆಲಸ ಎಷ್ಟು ಮಾಡಬೇಕು, ರಜೆ ಎಷ್ಟು, ಬೂಟು ಎಷ್ಟು, ಎಲ್ಲ ಬರೆದು ಎರಡೂ ಕಡೆಯವರು ರುಜು ಹಾಕಿ ಒಂದು ಪ್ರತಿ ಲೇಬರ್ ಆಫೀಸಿಗೆ ಕಳಿಸುತ್ತಾರೆ. ಹಳೇ ಒಪ್ಪಂದದ ಕಾಲ ಮಾರ್ಚಿಗೆ ಮುಗಿಯೋದಿತ್ತು. ಜನವರಿಯಲ್ಲೇ ಸಂಘ ಬರವಣಿಗೇಲಿ ನೋಟೀಸು ಕೊಟ್ಟಿತು. ಹೊಸದಾಗೋವರೆಗೆ ಹಳೇದೇ ನಡೀಲಿ, ಹೊಸದಕ್ಕೆ ಕೂರೋಣ ಬನ್ನಿ ಅಂತ.

ಕೂರೋಕೆ ಮುಂಚೆ ಈ ಸಂಘದಲ್ಲಿ ಒಂದು ಪದ್ಧತಿ. ಬೇರೆಲ್ಲೂ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಸಂಘ ಕಟ್ಟಿದ ಜವರಯ್ಯ ಅನ್ನೋ ಹಿರಿಯ ಹಾಕಿಕೊಟ್ಟಿದ್ದು ಅದು. ಅವನು ತೀರಿಕೊಂಡು ಬಾಳ ವರ್ಷವಾಯ್ತು. ಬೇಡಿಕೆ ಪಟ್ಟಿ ಎಲ್ಲ ಸಂಘದಲ್ಲೂ ಮಾಡ್ತಾರೆ. ಇಲ್ಲಿ ಅದರ ಜೊತೆಗೆ ಬಿಡೋ ಪಟ್ಟಿ ಅಂತ ಇನ್ನೊಂದು. ಯಾವ ಶಾಪಿನವರು ಏನನ್ನ ಕಳಕೊಳ್ಳೋಕೆ ತಯಾರು ಅನ್ನೋದನ್ನ ಕಾರ್ಯದರ್ಶಿ ಶಾಪುಶಾಪಿಗೆ ಹೋಗಿ ಕೇಳಿಕೊಂಡು ಬರಕೋಬೇಕು. ಕೇಳೋ ಪಟ್ಟಿ ಗೇಟಿಗೆ ಅಂಟಿಸ್ತಾರೆ, ಬಿಡೋ ಪಟ್ಟಿ ಕಾರ್ಯದರ್ಶಿ ಜೇಬು ಬಿಟ್ಟು ಆಚೆಗೆ ಬರಲ್ಲ. ಅದರ ಮೊದಲನೇ ಸಾಲು ಕಾರ್ಯದರ್ಶಿಯ ಸ್ವಂತ ಶಾಪಿಂದೇ ಆಗಿರಬೇಕು ಅನ್ನೋದು ಜವರಯ್ಯನ ಕಟ್ಟು. ಊರೋರ ಕೋಳಿ ಕುಯ್ಯೋಕೆ ಮುಂಚೆ ನಿನ್ನ ಮನೆ ಕೋಳಿ ಇಡಕೊಂಡು ಬಾ ಅನ್ನೋನಂತೆ ಅವನು.

ಕಾಳಪ್ಪ ಎರಡು ಒಪ್ಪಂದ ಮಾಡಿದ್ದ. ಮೊದಲನೇ ಸಲ ಮರದ ಶಾಪಿನ ಅರ್ಧ ಗಂಟೆ ಟೀ ಬಿಡುವನ್ನ ಕಾಲು ಗಂಟೆಗೆ ಇಳಿಸಿಕೊಟ್ಟು ಎಲ್ಲರಿಗೂ ವರ್ಷಕ್ಕೆರಡು ಜೊತೆ ಬಟ್ಟೆ ಗಿಟ್ಟಿಸಿದ್ದ. ಅದಕ್ಕೂ ಮುಂಚಿನ, ಜವರಯ್ಯನ ಕಾಲದ ದಿನಗಳನ್ನ ನೆನೆಸಿಕೊಂಡರೆ ಅವನ ಮುಖ ಅರಳುತ್ತಿತ್ತು. ಹಳೇ ಮಾಲೀಕ ಪಂಚೆ ಉಟ್ಟು ಬರೋನು. ಮಾತುಕತೆ ದಿನ ಎರಡೂ ಕಡೆಯವರು ಕ್ಯಾಂಟೀನಿನಲ್ಲಿ ಒಂದೇ ಬೆಂಚಲ್ಲಿ ಕೂತು ಮುದ್ದೆ ಉಪ್ಪೆಸರು ಉಣ್ಣೋರು. ಉಣ್ಣುವಾಗ ಮಾಲೀಕ, ಜವರಯ್ಯ ಇನ್ನೊಂದು ಚೂರು ಇಳಿಯೋ ಮಾರಾಯ, ಅನ್ನೋನು. ಜವರಯ್ಯ, ಮುದ್ದೆ ಇಳೀತಾ ಅದೆ, ಸಂಬಳ ಇಳಿಯಕಿಲ್ಲ, ಅನ್ನೋನು. ಬೈಕೊಂಡರೂ ಉಂಡ ಕೈಲೇ ಬೈಕೊಂಡ ಕಾಲ ಅದು. ಈಗ ಮಾಲೀಕ ಎಲ್ಲಿದಾನೋ ಯಾರಿಗೂ ಕಾಣಲ್ಲ. ಮೀಟಿಂಗಿಗೆ ನೀರಿನ ಬಾಟಲು, ಎರಡು ಬಿಸ್ಕತ್ತು.

ಈ ಸಲ ಅವನು ಒಂದು ವಿಷಯ ಮನಸ್ಸಲ್ಲಿ ಗಂಟು ಹಾಕ್ಕೊಂಡಿದ್ದ. ಮರಳಿನ ಅಚ್ಚು ಮಾಡೋ ಕಡೆ, ಮೋಲ್ಡಿಂಗಿನಲ್ಲಿ, ಹದಿನಾರು ಜನ ಕಂಟ್ರಾಕ್ಟಿನವರು. ಪರ್ಮನೆಂಟಿನವರು ಮಾಡೋ ಕೆಲಸವೇ, ಅದೇ ಬಿಸಿ, ಅದೇ ಹೊಗೆ. ಸಂಬಳ ಅರ್ಧ. ಅವರಲ್ಲಿ ಹಳಬ ಕುಳ್ಳಯ್ಯ, ಹದಿನಾಲ್ಕು ವರ್ಷವಾಗಿತ್ತು ಬಂದು. ಕಾಳಪ್ಪ ಪಟ್ಟಿ ಹಿಡಕೊಂಡು ಹೋದಾಗ ಕುಳ್ಳಯ್ಯ ಮರಳಿನ ಕೈ ಒರೆಸಿಕೊಂಡು ನಿಂತ. ನಾನು ಮೆಂಬರಲ್ಲವಲ್ಲ ಕಾಳಪ್ಪಣ್ಣ, ನನ್ನೇನು ಕೇಳೀಯ ಅಂದ. ಅದು ನಿಜ. ಕಂಟ್ರಾಕ್ಟಿನವರು ಸಂಘದ ಸದಸ್ಯರಲ್ಲ, ಅವರಿಗೆ ಕೈ ಎತ್ತೋ ಹಕ್ಕೂ ಇಲ್ಲ. ಆ ಮಾತು ಕಾಳಪ್ಪನ ಎದೆಗೆ ಚುಚ್ಚಿತು. ನಾನು ಹೋಗೋಕೆ ಮುಂಚೆ ಇವರನ್ನ ಒಳಗೆ ತರಲಿಲ್ಲ ಅಂದರೆ ಹನ್ನೊಂದು ವರ್ಷ ನಾನು ಮಾಡಿದ್ದೇನು ಅಂತ ರಾತ್ರಿಯೆಲ್ಲ ಮಗ್ಗುಲು ಬದಲಾಯಿಸಿದ.

ಹಂಚಿಕೆ ಸರಿಯಾಗೇ ಹಾಕಿದ್ದ. ತಿಂಗಳಿಗೆ ನಾಲ್ಕೂವರೆ ಸಾವಿರ ಏರಿಕೆ ನಿಜವಾಗಿ ಬೇಕಿರೋದು. ಆರು ಸಾವಿರ ಕೇಳೋದು. ಎಳೆದಾಡಿ ಇಳಿಯುವಾಗ ಆ ಇಳಿತಕ್ಕೆ ಬದಲಾಗಿ ಹದಿನಾರು ಜನರ ಪರ್ಮನೆಂಟು ಕೇಳೋದು. ಮರದ ಶಾಪಿನೋರಿಗೆ ಇದು ಹೇಳಿಕೊಡಬೇಕಾದ್ದಲ್ಲ. ಕಾದ ಕಬ್ಬಿಣ ಆರುವಾಗ ಕುಗ್ಗುತ್ತೆ, ಅದಕ್ಕೆ ಮಾದರೀನ ಅಡಿಗೆ ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಪಾಲು, ದೊಡ್ಡದು ಮಾಡಬೇಕು. ಅದನ್ನ ಅವರು ಕುಗ್ಗು ಅಂತಾರೆ. ಕುಗ್ಗು ಬಿಡದೆ ಮಾದರಿ ಮಾಡಿದರೆ ಗಾಣದ ಉರುಳೆ ಗಾಣಕ್ಕೆ ಕೂರಲ್ಲ.

ಆದರೆ ಗ್ರಹಚಾರ ನೋಡಿ. ಬೇಡಿಕೆ ಪಟ್ಟಿ ಟೈಪು ಮಾಡಿಸೋ ಕೆಲಸವನ್ನ ಕಾಳಪ್ಪ ಶಿವುಗೆ ಕೊಟ್ಟ. ಶಿವು ಅಕ್ಕನ ಮಗ, ಅದೇ ಶಾಪಿನಲ್ಲಿ ಅವನ ಕೈಕೆಳಗೇ ಕೆಲಸ ಕಲಿತೋನು, ಸಂಘದ ಜಂಟಿ ಕಾರ್ಯದರ್ಶಿ. ಶಾಪಿನಲ್ಲಿ ರೂಢಿ ಹೇಗೆ ಅಂದರೆ ಹಿರಿಯ ಅಳತೆ ಹೇಳ್ತಾನೆ, ಕಿರಿಯ ಅದಕ್ಕೆ ಕುಗ್ಗು ಸೇರಿಸಿ ಕಡೀತಾನೆ. ಹತ್ತು ವರ್ಷದಿಂದ ಹಾಗೇ ನಡೆದಿತ್ತು. ಕಾಳಪ್ಪ ಚೀಟೀಲಿ ಆರು ಸಾವಿರ ಅಂತ ಬರೆದು ಕೊಟ್ಟ, ಶಿವು ಅದನ್ನ ನಿಜವಾದ ಅಳತೆ ಅಂತ ತಿಳಕೊಂಡು ತನ್ನ ಪಾಲಿನ ಕುಗ್ಗು ಸೇರಿಸಿದ. ಏಳು ಸಾವಿರದ ಎಂಟುನೂರು ಅಂತ ಟೈಪಾಯ್ತು. ಮಹಾಸಭೇಲಿ ಚಪ್ಪಾಳೆ ಬಿತ್ತು. ಕಾಳಪ್ಪ ಆವತ್ತು ಅಕ್ಕಪಕ್ಕದೋರ ಹತ್ತಿರ ಮೋಲ್ಡಿಂಗಿನವರ ಮಾತಾಡ್ತಾ ಇದ್ದೋನು ಅಂಕಿ ಕಿವಿಗೆ ಹಾಕ್ಕೊಳ್ಳಲೇ ಇಲ್ಲ. ಓದಿ ನೋಡದೆ ರುಜು ಹಾಕಿದ್ದ. ಪೆದ್ದುತನ ಅಂದರೆ ಪೆದ್ದುತನವೇ, ಬೇರೆ ಹೆಸರಿಟ್ಟು ಪ್ರಯೋಜನ ಇಲ್ಲ.

ಮೊದಲನೇ ಮಾತುಕತೆ ಜೂನ್‌ನಲ್ಲಿ. ಆಚೆ ಕಡೆ ಇಬ್ಬರು. ಜನರಲ್ ಮ್ಯಾನೇಜರ್ ರವೀಂದ್ರ, ಲೆಕ್ಕದಲ್ಲಿ ಬಿಗಿ. ಇನ್ನೊಬ್ಬಳು ಪರ್ಸನೆಲ್ ಆಫೀಸರು ದಿವ್ಯ, ಕಿರಂಗೂರಿನ ಗೌಡರ ಮನೆ ಹುಡುಗಿ, ಬಂದು ಎರಡು ವರ್ಷವಾಗಿತ್ತು. ದಿವ್ಯ ಪಟ್ಟಿ ನೋಡಿ ನಿಧಾನಕ್ಕೆ ಹೇಳಿದಳು, ಇಷ್ಟು ಏರಿಸಿದರೆ ಮೊದಲನೇ ದರ್ಜೆ ಕೆಲಸಗಾರರಿಗೆ ನನಗಿಂತ ಸಂಬಳ ಜಾಸ್ತಿಯಾಗುತ್ತೆ, ನಾನೂ ಉಳಿ ಹಿಡೀತೀನಿ ಅಂತ. ರವೀಂದ್ರ ನಗಲಿಲ್ಲ. ಕಾಳಪ್ಪ ಪಟ್ಟಿ ಇಸ್ಕೊಂಡು ಅಂಕಿ ನೋಡಿದ. ಕಾಲು ಗಂಟೆ ಬಿಡುವು ಕೇಳಿ ಶಿವುನ ಮೆಟ್ಟಿಲ ಹತ್ತಿರ ಎಳಕೊಂಡು ಹೋದ. ಶಿವು ಹೇಳಿದ್ದು ಇಷ್ಟೇ, ನೀನು ಅಳತೆ ಕೊಟ್ಟೆ ಮಾವ, ನಾನು ಕುಗ್ಗು ಬುಟ್ಟೆ, ಯಾವತ್ತೂ ಅಂಗೇ ಅಲ್ವಾ. ಕಾಳಪ್ಪ ಬಯ್ಯೋದಾದರೂ ಯಾರನ್ನ. ಹೇಳಿಕೊಟ್ಟೋನು ಅವನೇ ತಾನೆ.

ಎರಡನೇ ಮೀಟಿಂಗಿನಲ್ಲಿ ಅವನು ಇದ್ದದ್ದು ಇದ್ದಹಾಗೆ ಹೇಳಿಬಿಟ್ಟ. ತಪ್ಪು ನಮ್ಮದು, ಆರು ಸಾವಿರ ನಮ್ಮ ಬೇಡಿಕೆ ಅಂದ. ಸತ್ಯಕ್ಕೆ ಬೆಲೆ ಇರುತ್ತೆ ಅಂತ ನಂಬಿದ್ದ. ಸತ್ಯಕ್ಕೆ ಬೆಲೆ ಇರುತ್ತೆ, ಸಮಯ ನೋಡಿ ಹೇಳಬೇಕು ಅಷ್ಟೆ. ರವೀಂದ್ರ ಕನ್ನಡಕ ತೆಗೆದು, ಒಂದು ಉಸಿರಿಗೆ ಸಾವಿರದ ಎಂಟುನೂರು ಇಳಿದವರು ಇನ್ನೆಷ್ಟು ಇಳೀತೀರೋ ನೋಡೋಣ ಅಂದ. ತನ್ನ ಕಡೆಯಿಂದ ಅಷ್ಟೇ ಮೊತ್ತ ಇಟ್ಟ, ಸಾವಿರದ ಎಂಟುನೂರು. ಅಲ್ಲಿಂದ ಶುರುವಾಯ್ತು ಹಗ್ಗ ಜಗ್ಗಾಟ. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಜುಲೈ ಹೋಯ್ತು, ಆಗಸ್ಟ್ ಬಂತು. ಪ್ರತಿ ಮೀಟಿಂಗಿಗೂ ನಡವಳಿ ಬರೆದು ಎರಡೂ ಕಡೆ ರುಜು ಹಾಕೋರು, ಮಾತು ಮಾತ್ರ ನಿಂತಲ್ಲೇ ನಿಂತಿತ್ತು. ಸಂಘ ಬೂಟು, ಕನ್ನಡಕ ಗೆದ್ದಿತು. ಪ್ರತಿಯಾಗಿ ಎರಕದ ದಿನ ಪಾಳಿ ಅರ್ಧ ಗಂಟೆ ಮೊದಲು ಶುರು ಮಾಡೋಕೆ ಒಪ್ಪಿತು. ಸಂಬಳ ಏರಿಕೆ ಒದ್ದಾಡಿ ಒದ್ದಾಡಿ ಮೂರು ಸಾವಿರದ ಆರುನೂರಕ್ಕೆ ಬಂದು ಕಚ್ಚಿಕೊಂಡಿತು.

ಆಮೇಲೆ ಕಾಳಪ್ಪ ಹದಿನಾರು ಜನರ ಮಾತೆತ್ತಿದ. ರವೀಂದ್ರ ಲೆಕ್ಕ ಹಾಕಿ ತಂದಿದ್ದ. ಹದಿನಾರನ್ನೂ ಒಳಗೆ ತಗೊಂಡರೆ ತಗಲೋ ಖರ್ಚು ಇದು, ಇದನ್ನ ನಿಮ್ಮ ಏರಿಕೆಯಿಂದ ಕಳೆದರೆ ಎರಡು ಸಾವಿರದ ಒಂಬೈನೂರು, ಒಪ್ಪಿದರೆ ಇವತ್ತೇ ರುಜು ಅಂದ. ಸಂಘದ ಸಮಿತಿಯೋರೆಲ್ಲ ಎದ್ದೇ ಬಿಟ್ಟರು. ಮೆಂಬರಲ್ಲದೋರಿಗಾಗಿ ಮೆಂಬರ ತಟ್ಟೆಯಿಂದ ಏಳ್ನೂರು ರೂಪಾಯಿ ಕಿತ್ತುಕೊಟ್ಟರೆ ಗೇಟಲ್ಲಿ ನಮ್ಮನ್ನ ಉಳಿಸ್ತಾರಾ ಅಂತ ಶಿವುವೇ ಕೇಳಿದ. ಅವನ ಮಾತಿನಲ್ಲೂ ತಪ್ಪಿರಲಿಲ್ಲ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನೋ ಕಾಲ. ಆರು ಸಾವಿರದಿಂದ ಮರ್ಯಾದೆಯಾಗಿ ಇಳಿದಿದ್ದರೆ ಆ ಇಳಿತವನ್ನೇ ಮಾರಿ ಹದಿನಾರು ಜನರನ್ನ ಕೊಂಡುಕೋಬಹುದಿತ್ತು. ಮಾರೋ ಸರಕೇ ಎರಡನೇ ಮೀಟಿಂಗಿನಲ್ಲಿ ಪುಕ್ಕಟೆಯಾಗಿ ಹೋಗಿತ್ತು.

ಹಾಗಾದರೆ ಬೇರೆ ದಾರಿ ಇದೆ ಅಂತ ದಿವ್ಯ ಒಂದು ಕಾಗದ ಮುಂದಿಟ್ಟಳು. ಕಂಪನಿಯ ಬೇಡಿಕೆ ಅದು. ಮರದ ಶಾಪು ಮುಚ್ಚೋದು, ಮಾದರಿಗಳನ್ನ ಕೊಯಮತ್ತೂರಿನಿಂದ ತರಿಸೋದು, ಶಾಪಿನ ಅರ್ಧ ಎಕರೆ ಜಾಗ ಖಾಲಿ ಮಾಡೋದು. ಇದಕ್ಕೆ ಒಪ್ಪಿದರೆ ಉಳಿಯೋ ಖರ್ಚಿನಲ್ಲಿ ಹದಿನಾರು ಜನರನ್ನ ತಗೋಬಹುದು, ಮೂರು ಸಾವಿರದ ಆರುನೂರೂ ಹಾಗೇ ಇರುತ್ತೆ. ಇದನ್ನ ಹೇಳುವಾಗ ಆ ಹುಡುಗಿ ಕಾಳಪ್ಪನ ಮುಖ ನೋಡಲಿಲ್ಲ. ಅವನು ಒಂದು ವಾರ ಟೈಮು ಕೇಳಿದ.

ಆ ವಾರ ಅವನು ಶಾಪಿನ ಅಟ್ಟಕ್ಕೆ ದಿನಾ ಹತ್ತಿದ. ಅಲ್ಲಿ ಸಾಲಾಗಿ ಹಳೇ ಮಾದರಿಗಳಿದ್ದವು. ಹೊನ್ನೆಮರದ್ದು, ತೇಗದ್ದು, ಹಲಸಿನದ್ದು. ಮೂರುರುಳೆ ಗಾಣದ ದೊಡ್ಡ ಹಲ್ಲುಚಕ್ರ ಅವನಪ್ಪ ಕಡೆದದ್ದು, ನಲವತ್ತೆಂಟು ಹಲ್ಲು, ಒಂದಕ್ಕೊಂದು ಕೂದಲಷ್ಟೂ ಹೆಚ್ಚುಕಮ್ಮಿ ಇಲ್ಲ. ಅದಕ್ಕೆ ಬಣ್ಣ ಬಳಿದದ್ದು ಕಾಳಪ್ಪ, ಕೆಲಸಕ್ಕೆ ಸೇರಿದ ಮೊದಲನೇ ವಾರ. ಬಣ್ಣ ಮೆತ್ತಗೆ ಬಳಿ ಕಣ್ಲಾ, ಮದುವೆ ಹೆಣ್ಣಿಗೆ ಅರಿಸಿನ ಅಚ್ಚಿದಂಗೆ, ಅಂದಿದ್ದ ಅಪ್ಪ. ಆಗ ಶಾಪಿನಲ್ಲಿ ಹನ್ನೊಂದು ಜನ ಇದ್ದರು. ಬೆಳಿಗ್ಗೆ ಒಟ್ಟಿಗೆ ಹನ್ನೊಂದು ಉಳಿ ಸದ್ದು ಮಾಡೋವು. ಮರದ ಸಿಪ್ಪೆ ವಾಸನೆ ಅಂಗೀಲಿ ಕೂತಿರೋದು, ವರಲಕ್ಷ್ಮಮ್ಮ ಮದುವೆಯಾದ ಹೊಸದರಲ್ಲಿ ಆ ಅಂಗಿ ಮೂಸಿ ನೋಡಿ ಒಗೆಯೋಕೆ ಮನಸ್ಸು ಬರಲ್ಲ ಅಂದಿದ್ದಳು. ಕಬ್ಬಿನ ಕಾಲ ಬಂದರೆ ತೊಣ್ಣೂರಿನ ಕಡೆಯ ರೈತರು ಗಾಡಿ ತಂದು ಗೇಟಲ್ಲಿ ಕಾಯೋರು, ಬೆಲ್ಲದ ಅಚ್ಚು ತಂದು ಕೈಗಿಡೋರು. ಈಗ ಶಾಪಿನಲ್ಲಿ ಮೂರೇ ಜನ, ಅವನು, ಶಿವು, ರಾಹುಲ್ ಅನ್ನೋ ಇನ್ನೊಬ್ಬ. ಅಟ್ಟದ ಮೇಲೆ ಕೂತು ಕಾಳಪ್ಪ ಆ ಹಲ್ಲುಚಕ್ರದ ಮೇಲೆ ಕೈಯಿಟ್ಟುಕೊಂಡು ಅತ್ತ. ನಾಚಿಕೆ ಏನೂ ಆಗಲಿಲ್ಲ ಅವನಿಗೆ.

ಮನೇಲಿ ಹೇಳಿದ. ವರಲಕ್ಷ್ಮಮ್ಮ ರೊಟ್ಟಿ ತಟ್ಟುತ್ತಾ ಕೇಳಿಸಿಕೊಂಡಳು. ನಿನ್ನ ಜೇಬಲ್ಲಿರೋ ಪಟ್ಟೀಲಿ ಮೊದಲನೇ ಸಾಲು ಏನು ಬರೆದಿದ್ದೀಯ ಅಂತ ಮಾತ್ರ ಕೇಳಿದಳು. ಕಾಳಪ್ಪ ತೆಗೆದು ನೋಡಿದ. ಮರದ ಶಾಪು, ಶನಿವಾರದ ಓವರ್‌ಟೈಮು ಅಂತ ಬರೆದಿದ್ದ. ಆ ಶಾಪಿನಲ್ಲಿ ಎರಡು ವರ್ಷದಿಂದ ಶನಿವಾರ ಓವರ್‌ಟೈಮೇ ಇರಲಿಲ್ಲ. ಇಲ್ಲದ ಕೋಳೀನ ಜವರಯ್ಯನ ಕಟ್ಟಿಗೆ ಕುಯ್ಯೋಕೆ ಹೊರಟಿದ್ದ. ಮುಖ ಕೆಂಪಗಾಯ್ತು. ಅವಳು ರೊಟ್ಟಿ ಮಗುಚಿ ಹಾಕಿದಳು.

ಬೆಳಿಗ್ಗೆ ಶಿವುನೂ ರಾಹುಲನ್ನೂ ಕೂರಿಸಿಕೊಂಡು ಮೊದಲು ಅವರನ್ನ ಕೇಳಿದ. ಶಿವು ಕಿಡಿಕಿಡಿಯಾದ. ತಾತ ಕಟ್ಟಿದ ಶಾಪನ್ನ ನೀನು ಮಾರ್ತೀಯ ಮಾವ ಅಂದ. ಕಾಳಪ್ಪ ಅವನನ್ನ ತಡೀಲಿಲ್ಲ, ಪೂರ್ತಿ ಬೈಯೋಕೆ ಬಿಟ್ಟ. ಆಮೇಲೆ ಹೇಳಿದ.

"ಶಾಪು ಇನ್ನ ನಾಕು ವರ್ಷಕ್ಕೆ ತಾನಾಗೇ ಮುಚ್ಚೋಯ್ತದೆ ಕಣ್ಲಾ. ಆಗ ಅದಕ್ಕೆ ಬದಲು ಯಾರೂ ಏನೂ ಕೊಡಕಿಲ್ಲ. ಇವತ್ತು ಕೇಳೋರು ಅವ್ರೆ, ಇವತ್ತು ಬೆಲೆ ಅದೆ. ನಿಮ್ಮಿಬ್ಬರ ಹೊಟ್ಟೆಗೆ ದಾರಿ ಮಾಡ್ದೆ ನಾನು ರುಜು ಹಾಕಕಿಲ್ಲ. ನೀವು ಬ್ಯಾಡ ಅಂದ್ರೆ ಈ ಮಾತು ಇಲ್ಗೇ ಬುಟ್ಬುಡ್ತೀನಿ."

ರಾಹುಲ್ ಆಗಲಿ ಅಂದ. ಅಂಕಿ ತಪ್ಪಿಸಿದ್ದು ನಾನೇ ಅಲ್ವಾ, ಆಗ್ಲಿ ಬುಡು ಮಾವ ಅಂದ ಶಿವು ಕೊನೆಗೆ. ಅಂಗಲ್ಲ ಕಣೋ, ಓದದೆ ರುಜು ಹಾಕಿದೋನು ನಾನು ಅಂದ ಕಾಳಪ್ಪ. ಬಿಡೋ ಪಟ್ಟಿಯ ಮೊದಲನೇ ಸಾಲು ಹೊಡೆದು ಬರೀ ಮರದ ಶಾಪು ಅಂತ ಬರೆದ.

ಸೆಪ್ಟೆಂಬರಿನ ಕೊನೇ ಮಾತುಕತೆ ಬೆಳಿಗ್ಗೆ ಹತ್ತಕ್ಕೆ ಶುರುವಾಗಿ ಸಂಜೆ ಐದರವರೆಗೆ ನಡೀತು. ಕಾಳಪ್ಪ ಪುಕ್ಕಟೆ ಕೊಡೋನಂತೆ ಬಂದಿರಲಿಲ್ಲ. ಶಾಪು ಬಿಡ್ತೀವಿ, ಆದರೆ ಕೊಯಮತ್ತೂರಿಗೆ ಬಿಡಲ್ಲ ಅಂದ. ಮಾದರಿ ಕಡೆಯೋ ಕಂಪ್ಯೂಟರ್ ಮಿಷನ್ನು ಇದೇ ಕಾಂಪೌಂಡಿನಲ್ಲಿ ಬರಬೇಕು, ಶಿವು, ರಾಹುಲ್ ಇಬ್ಬರಿಗೂ ಕಂಪನಿ ಖರ್ಚಿನಲ್ಲೇ ತರಬೇತಿ ಕೊಡಿಸಿ ಅವರೇ ಅದನ್ನ ನಡೆಸಬೇಕು. ಒಬ್ಬರನ್ನೂ ಕೆಲಸದಿಂದ ತೆಗೆಯೋ ಹಾಗಿಲ್ಲ. ಕಾಳಪ್ಪ ಮಿಕ್ಕ ಒಂದು ವರ್ಷಕ್ಕೆ ಮೋಲ್ಡಿಂಗಿಗೆ ಹೋಗ್ತಾನೆ, ಸಂಬಳ, ಗ್ರಾಚ್ಯುಟಿ, ಹಳೇ ಸರ್ವೀಸು ಎಲ್ಲ ಹಾಗೇ ಮುಂದುವರೀಬೇಕು. ರವೀಂದ್ರ ಮಿಷನ್ನಿನ ಬೆಲೆ ನೆನೆಸಿಕೊಂಡು ಮುಖ ಸಿಂಡರಿಸಿದ. ದಿವ್ಯ ಅವನ ಕಿವೀಲಿ ಏನೋ ಹೇಳಿದಳು. ಊಟದ ಹೊತ್ತಿಗೆ ಅದಾಯ್ತು.

ಮಾತು ಸಿಕ್ಕಿಹಾಕ್ಕೊಂಡಿದ್ದು ಹದಿನಾರು ಜನರ ವಿಷಯದಲ್ಲಿ. ಹತ್ತು ಜನ ಈ ಅಕ್ಟೋಬರಿಗೆ, ಮಿಕ್ಕ ಆರು ಜನ ಸಾಧ್ಯವಾದಷ್ಟು ಬೇಗ, ಅಂತ ಕಂಪನಿ ಕರಡಿನಲ್ಲಿ ಬರೆದಿತ್ತು. ಸಾಧ್ಯವಾದಷ್ಟು ಬೇಗ ಅನ್ನೋದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಕಾಳಪ್ಪ ತಾರೀಕು ಬೇಕು ಅಂದ. ರವೀಂದ್ರ ಆಗಲ್ಲ ಅಂದ. ಕರಡಿನಲ್ಲಿ ಸಂಘದ ಕಡೆಯಿಂದ ಕಾಳಪ್ಪನೇ ಸೇರಿಸಿದ್ದ ಇನ್ನೊಂದು ಸಾಲಿತ್ತು, ಹಳೇ ಮರದ ಮಾದರಿಗಳನ್ನ ಕಂಪನಿ ಜೋಪಾನ ಮಾಡಿ ಇಡಬೇಕು ಅಂತ. ರವೀಂದ್ರನಿಗೆ ಆ ಜಾಗ ಬೇಕು, ಅದಕ್ಕಾಗೇ ಈ ಪಾಟಿ ಒದ್ದಾಟ. ಅವನು ಬೆರಳನ್ನ ಆ ಸಾಲಿನ ಮೇಲಿಟ್ಟು ಸುಮ್ಮನೆ ಕೂತ. ಚೌಕಾಸಿ ಗೊತ್ತಿದ್ದ ಮನುಷ್ಯ, ಬಾಯಿ ಬಿಟ್ಟು ಕೇಳಲಿಲ್ಲ.

ಶಿವು ಮಾವನ ತೊಡೆ ಮುಟ್ಟಿದ, ಬೇಡ ಅನ್ನೋ ಹಾಗೆ. ಕಾಳಪ್ಪನಿಗೆ ಅಪ್ಪನ ನಲವತ್ತೆಂಟು ಹಲ್ಲು ಕಣ್ಣ ಮುಂದೆ ಬಂದವು. ಆರು ಜನರ ಹೆಸರೂ ಬಂದವು. ಪೆನ್ನು ತಗೊಂಡು ತನ್ನ ಸಾಲನ್ನ ತಾನೇ ಹೊಡೆದುಹಾಕಿದ.

"ಸೌದೆಗೆ ಮಾರ್ಕೊಳಿ ಸ್ವಾಮಿ. ಏಪ್ರಿಲ್ ಒಂದು ಅಂತ ಬರೀರಿ."

ದಿವ್ಯ ಬರೆದಳು. ಅವಳ ತಾತನ ಆಲೆಮನೇಲಿ ಈಗಲೂ ಇವರ ಗಾಣವೇ ಇದೆಯಂತೆ, ಇದನ್ನ ಅವಳು ಆವತ್ತು ಹೇಳಿದಳು, ಮೀಟಿಂಗು ಮುಗಿದ ಮೇಲೆ. ಮತ್ತೆ ಇನ್ನೊಂದು ಮಾತೂ ಹೇಳಿದಳು. ಹಳೇ ಒಪ್ಪಂದದ ಒಂದು ಕಲಮಿನ ಪ್ರಕಾರ ಒಂದು ಶಾಪಿನಿಂದ ಇನ್ನೊಂದಕ್ಕೆ ಹೋದವರ ಹೆಸರು ಆ ಶಾಪಿನ ಹಿರಿತನದ ಪಟ್ಟೀಲಿ ಕೊನೆಗೆ ಹೋಗುತ್ತೆ. ಕಾಳಪ್ಪನವರೇ, ನಿಮ್ಮೊಬ್ಬರಿಗೆ ವಿನಾಯಿತಿ ಅಂತ ಒಂದು ಸಾಲು ಹಾಕಿಬಿಡೋಣ, ರವೀಂದ್ರ ಸಾರ್ ಕೂಡ ಬೇಡ ಅನ್ನಲ್ಲ ಅಂದಳು.

ಆ ಕಲಮು ಬರೆಸಿದ್ದೇ ಕಾಳಪ್ಪ. ಕಂಪನಿಯೋರು ತಮಗೆ ಬೇಕಾದೋರನ್ನ ಬೇರೆ ಶಾಪಿನಿಂದ ತಂದು ಹಳಬರ ತಲೆ ಮೇಲೆ ಕೂರಿಸ್ತಾರೆ ಅಂತ ಎರಡು ತಿಂಗಳು ಜಗಳವಾಡಿ ಹಾಕಿಸಿದ್ದ. ಇವತ್ತು ತನಗೊಂದು ಬಾಗಿಲು ತೆಗೆದರೆ ನಾಳೆ ಅದೇ ಬಾಗಿಲಲ್ಲಿ ಯಾರ್ಯಾರು ನುಗ್ತಾರೋ. ಬ್ಯಾಡ ಕಣವ್ವ, ಬರ್ದಿರೋದು ಬರ್ದಂಗೇ ಇರ್ಲಿ ಅಂದು ಎದ್ದ.

ರುಜುಗೆ ಮುಂಚೆ ಮಹಾಸಭೆ. ನೂರ ಹದಿನೆಂಟು ಸದಸ್ಯರು ಸೈಕಲ್ ಸ್ಟ್ಯಾಂಡಿನ ಶೀಟಿನ ಕೆಳಗೆ ಕೂತರು. ಕಂಟ್ರಾಕ್ಟಿನ ಹದಿನಾರು ಜನ ದೂರದಲ್ಲಿ ಬೇವಿನ ಮರದ ಹತ್ತಿರ ನಿಂತಿದ್ದರು. ಕಾಳಪ್ಪ ಒಂದೊಂದೇ ಕಲಮು ಜೋರಾಗಿ ಓದಿದ. ಮರದ ಶಾಪಿನ ಕಲಮು ಬಂದಾಗ ಒಂದು ಗುಟುಕು ನೀರು ಕುಡಿದು ಅದನ್ನೂ ಓದಿದ. ಏಳ್ನೂರು ರೂಪಾಯಿಗೆ ಎದ್ದು ನಿಂತಿದ್ದ ಸಮಿತಿಯೋರೇ ಮೊದಲು ಕೈ ಎತ್ತಿದರು. ಇವನ ಕೋಳಿ ಕುಯ್ದಿರುವಾಗ ಯಾವ ಬಾಯಲ್ಲಿ ಬೇಡ ಅನ್ನೋದು. ಮಾರನೇ ದಿನ ಎರಡೂ ಕಡೆಯಿಂದ ರುಜು ಬಿತ್ತು, ಸಾಕ್ಷಿಗಳ ರುಜು ಬಿತ್ತು, ಒಂದು ಪ್ರತಿ ಲೇಬರ್ ಆಫೀಸಿಗೆ ಹೋಯ್ತು. ಈ ಸಲ ಕಾಳಪ್ಪ ಪ್ರತಿ ಅಂಕಿ ಮೇಲೂ ಬೆರಳಿಟ್ಟು ಓದಿಯೇ ರುಜು ಹಾಕಿದ.

ಅಕ್ಟೋಬರ್ ಒಂದು. ಬೆಳಿಗ್ಗೆ ಮೋಲ್ಡಿಂಗಿನ ಬಾಗಿಲಲ್ಲಿ ಹಾಜರಿ ಪುಸ್ತಕ ತೆರೆದಿತ್ತು. ಹೆಸರುಗಳು ಹಿರಿತನದ ಪ್ರಕಾರ. ಹೊಸ ಹತ್ತು ಹೆಸರು ಕೆಳಗೆ ಹೊಸ ಮಸೀಲಿದ್ದವು, ಅದರಲ್ಲಿ ಮೊದಲನೇದು ಕುಳ್ಳಯ್ಯಂದು. ಹದಿನಾಲ್ಕು ವರ್ಷ ಅವನ ಹಾಜರಿ ಕಂಟ್ರಾಕ್ಟರ ಮೇಸ್ತ್ರಿ ಹಾಕ್ಕೊಂಡು ಬಂದಿದ್ದ. ಪೆನ್ನು ಹಿಡಿದು ಎಲ್ಲಿ ಬರೀಲಿ ಅಂತ ಹಿಂದೆ ತಿರುಗಿ ಕೇಳಿದ. ಕಾಳಪ್ಪ ಜಾಗ ತೋರಿಸಿದ. ಕುಳ್ಳಯ್ಯ ಒಂದೊಂದೇ ಅಕ್ಷರ ಒತ್ತಿ ಒತ್ತಿ ಬರೆದ. ಮಿಕ್ಕ ಒಂಬತ್ತು ಜನರೂ ಬರೆದರು. ಎಲ್ಲರ ಕೆಳಗೆ, ಪುಟದ ಕೊನೇ ಗೆರೇಲಿ ಕಾಳಪ್ಪ ತನ್ನ ರುಜು ಹಾಕಿದ. ಮೂವತ್ತಾರು ವರ್ಷ ಸರ್ವೀಸಾದೋನು.

ಮೋಲ್ಡಿಂಗಿನಲ್ಲಿ ಪಟ್ಟಿಯ ಕೊನೇ ಮನುಷ್ಯ ಬೆಳಿಗ್ಗೆ ಎಲ್ಲರಿಗೂ ಮರಳು ಜರಡಿ ಹಿಡೀಬೇಕು. ಅದು ಯಾವ ಒಪ್ಪಂದಕ್ಕಿಂತಲೂ ಹಳೇದಾದ ನೇಮ. ಇಷ್ಟು ದಿನ ಪಟ್ಟೀಲೇ ಇಲ್ಲದ ಕಂಟ್ರಾಕ್ಟಿನವರು ಅದನ್ನ ಹಿಡೀತಿದ್ದರು, ಕುಳ್ಳಯ್ಯ ಆ ಅಭ್ಯಾಸದ ಬಲದಿಂದ ಹೋಗಿ ಜರಡಿ ಎತ್ತಿಕೊಂಡುಬಿಟ್ಟ. ಕಾಳಪ್ಪ ಹಿಂದೇ ಹೋಗಿ ಅದರ ಅಂಚು ಹಿಡಿದ.

"ಕೊಡ್ಲಾ. ಇವತ್ತಿಂದ ಅದು ನಂದು."

ಕುಳ್ಳಯ್ಯ ಬಿಡಲಿಲ್ಲ. ನೀನು ನನಗೆ ಜರಡಿ ಹಿಡಿಯೋದು ನೋಡ್ಕೊಂಡು ನಾನು ಅಚ್ಚು ಒತ್ತಲಾ ಕಾಳಪ್ಪಣ್ಣ, ನನ್ನ ಕೈಲಾಗಕಿಲ್ಲ ಅಂತ ಅಳೋಕೆ ಶುರುಮಾಡಿದ. ಮೋಲ್ಡಿಂಗಿನವರೆಲ್ಲ ಕೈಲಿದ್ದದ್ದು ಬಿಟ್ಟು ನಿಂತರು. ಫೋರ್‌ಮನ್ನು ಬೇರೆ ಕಡೆ ಮುಖ ಮಾಡಿದ.

"ನೀನು ಇವತ್ತು ನಿನ್ನ ಸರದಿ ನಂಗೆ ಬುಟ್ಕೊಟ್ರೆ ನಾಳೆ ನಿನ್ನ ಜಾಗಾನೂ ಯಾರಿಗೋ ಬುಟ್ಕೊಡ್ಬೇಕಾಯ್ತದೆ. ನಿನ್ನ ಒಳಕ್ಕೆ ತಂದಿರೋ ಕಾಗದವೇ ನನ್ನ ಇಲ್ಲಿ ನಿಲ್ಲಿಸಿರೋದು. ಎರಡೂ ಒಂದೇ ಕಾಗದ ಕಣ್ಲಾ."

ಕುಳ್ಳಯ್ಯನ ಬೆರಳು ಒಂದೊಂದಾಗಿ ಸಡಿಲವಾದವು. ಕಾಳಪ್ಪ ಜರಡಿ ತಗೊಂಡು, ಅಂಗಿ ತೋಳು ಮಡಿಸಿ, ಸಲಿಕೆಯಿಂದ ಒಂದು ರಾಶಿ ಮರಳು ಎತ್ತಿ ಹಾಕಿಕೊಂಡ. ಕೈಗೆ ಹೊಸ ಕೆಲಸ, ಮೊದಮೊದಲು ಅರ್ಧ ಮರಳು ಕಾಲ ಮೇಲೇ ಸುರೀತು. ಕುಳ್ಳಯ್ಯ ಕಣ್ಣು ಒರೆಸಿಕೊಂಡು ಹತ್ತಿರ ಬಂದು, ಅಂಗಲ್ಲ ಕಾಳಪ್ಪಣ್ಣ, ಸೊಂಟದ ಮಟ್ಟಕ್ಕೆ ಹಿಡಿದು ಇಂಗೆ ತೂಗು ಅಂತ ತೋರಿಸಿಕೊಟ್ಟ. ಕಾಳಪ್ಪ ಹಾಗೇ ಹಿಡಿದ. ಎಂಟೂವರೆ ಹೊತ್ತಿಗೆ ಮೊದಲನೇ ಅಚ್ಚಿಗೆ ಬೇಕಾದಷ್ಟು ಮರಳು ಆಗಿತ್ತು.